ಒಂದು ಖರ್ಜೂರದಲ್ಲಿ ಎಷ್ಟು ಸಕ್ಕರೆ?



ಸಂಜೆ ಕಾಲೇಜಿನಿಂದ ಮನೆಗೆ ಬಂದವರು ಡಬ್ಬಿಯಿಂದ ನಾಲ್ಕು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಅದೇ ಹುಡುಗ ಸಕ್ಕರೆ ಡಬ್ಬಿಗೆ ಚಮಚ ಹಾಕಿ ತಿನ್ನತೊಡಗಿದರೆ ಅಡುಗೆಮನೆಯಿಂದ ಗದರಿಕೆ ಕೇಳಿಬರುತ್ತದೆ. ಹಣ್ಣು ಒಳ್ಳೆಯದು, ಸಕ್ಕರೆ ಕೆಟ್ಟದ್ದು ಎಂದು ನಾವು ಎರಡು ಗುಂಪು ಮಾಡಿಕೊಂಡುಬಿಟ್ಟಿದ್ದೇವೆ. ಒಣಹಣ್ಣು ಈ ಎರಡು ಗುಂಪುಗಳ ನಡುವಿನ ಬೇಲಿಯ ಮೇಲೆ ಕುಳಿತಿರುವ ಪದಾರ್ಥ. ಅದು ನಿಜಕ್ಕೂ ಹಣ್ಣೇ. ಆದರೆ ಅದರ ತೂಕದಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಸಕ್ಕರೆಯೇ ಇರುತ್ತದೆ. ಹಾಗಾದರೆ ಒಂದು ಖರ್ಜೂರದಲ್ಲಿ, ಒಂದು ಅಂಜೂರದಲ್ಲಿ, ಒಂದು ಹಿಡಿ ದ್ರಾಕ್ಷಿಯಲ್ಲಿ ಎಷ್ಟು ಸಕ್ಕರೆ, ಎಷ್ಟು ಕ್ಯಾಲೊರಿ? ಇದನ್ನು ಮನೆಯಲ್ಲೇ ಒಂದು ತಕ್ಕಡಿಯ ನೆರವಿನಿಂದ ಲೆಕ್ಕಹಾಕುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಮೊದಲು ಒಂದು ಮಾತು. ಆಹಾರದ ವಿಷಯದಲ್ಲಿ ನಾವು ಕ್ಯಾಲೊರಿ ಎನ್ನುವುದು ವಾಸ್ತವವಾಗಿ ಕಿಲೋಕ್ಯಾಲೊರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖ ಅದು. ಒಂದು ಗ್ರಾಂ ಸಕ್ಕರೆ ನಮಗೆ ಸುಮಾರು 4 ಕ್ಯಾಲೊರಿ ಕೊಡುತ್ತದೆ. ಟೀ ಚಮಚವನ್ನು ಮಟ್ಟಸವಾಗಿ ತುಂಬಿದರೆ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು, ಮುಂದಿನ ಲೆಕ್ಕವೆಲ್ಲ ಸುಲಭ.

ಈಗ ಅಂಜೂರವನ್ನು ತೆಗೆದುಕೊಳ್ಳೋಣ. ಅದು ನಮಗೆ ಹಸಿಯಾಗಿಯೂ ಸಿಗುತ್ತದೆ, ಒಣಗಿದ ರೂಪದಲ್ಲೂ ಸಿಗುತ್ತದೆ. ಆದ್ದರಿಂದ ಹೋಲಿಸಿ ನೋಡುವುದಕ್ಕೆ ಬಹಳ ಅನುಕೂಲ. ಮಧ್ಯಮ ಗಾತ್ರದ ಒಂದು ಹಸಿ ಅಂಜೂರ ಸುಮಾರು 50 ಗ್ರಾಂ ತೂಗುತ್ತದೆ. ಅದರಲ್ಲಿ ಶೇಕಡಾ 79ರಷ್ಟು ನೀರು. ಅಂದರೆ ನೀರನ್ನು ಬಿಟ್ಟರೆ ಉಳಿಯುವ ಘನಪದಾರ್ಥ ಹತ್ತೂವರೆ ಗ್ರಾಂ ಮಾತ್ರ. ಅದರಲ್ಲಿ ಸುಮಾರು 8 ಗ್ರಾಂ ಸಕ್ಕರೆ. ಇಡೀ ಹಣ್ಣಿನಿಂದ ಸಿಗುವ ಶಕ್ತಿ 37 ಕ್ಯಾಲೊರಿ.

ಈ ಹಣ್ಣನ್ನು ಬಿಸಿಲಿಗೆ ಒಣಗಿಸುತ್ತೇವೆ ಎಂದುಕೊಳ್ಳಿ. ಮಾರುಕಟ್ಟೆಯ ಒಣ ಅಂಜೂರದಲ್ಲಿ ನೀರು ಪೂರ್ತಿ ಹೋಗಿರುವುದಿಲ್ಲ. ಶೇಕಡಾ 30ರಷ್ಟು ಇನ್ನೂ ಉಳಿದಿರುತ್ತದೆ. ಆದ್ದರಿಂದಲೇ ಅದು ಮೆತ್ತಗಿರುತ್ತದೆ. ನಮ್ಮ ಹತ್ತೂವರೆ ಗ್ರಾಂ ಘನಪದಾರ್ಥ ಈಗ ಶೇಕಡಾ 70 ಆಗಬೇಕಾದರೆ ಒಟ್ಟು ತೂಕ 15 ಗ್ರಾಂಗೆ ಇಳಿಯಬೇಕು. ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ 100 ಗ್ರಾಂ ಒಣ ಅಂಜೂರಕ್ಕೆ ಸುಮಾರು 249 ಕ್ಯಾಲೊರಿ, 48 ಗ್ರಾಂ ಸಕ್ಕರೆ ಎಂದಿರುತ್ತದೆ. 15 ಗ್ರಾಂಗೆ ಲೆಕ್ಕಹಾಕಿ: ಶಕ್ತಿ 37 ಕ್ಯಾಲೊರಿ, ಸಕ್ಕರೆ 7 ಗ್ರಾಂಗಿಂತ ಸ್ವಲ್ಪ ಹೆಚ್ಚು. ಕ್ಯಾಲೊರಿ ಸರಿಯಾಗಿ ಮೊದಲಿನಷ್ಟೇ ಇದೆ. ಸಕ್ಕರೆಯಲ್ಲಿ ಕಾಣುವ ಸಣ್ಣ ವ್ಯತ್ಯಾಸಕ್ಕೆ ಕಾರಣ, ಕೋಷ್ಟಕದಲ್ಲಿ ಹಸಿ ಹಣ್ಣಿನ ಅಂಕಿ ಒಂದು ಮಾದರಿಯದು, ಒಣಹಣ್ಣಿನ ಅಂಕಿ ಇನ್ನೊಂದು ಮಾದರಿಯದು; ತಳಿ, ಮಾಗಿದ ಹದ ಎರಡೂ ಬೇರೆ ಬೇರೆ.

ಇದರಿಂದ ತಿಳಿಯುವುದೇನು? ಒಣಗಿಸುವಾಗ ಹೋಗುವುದು ನೀರು. ಸಕ್ಕರೆ ಅಲ್ಲಿಯೇ ಉಳಿಯುತ್ತದೆ. ನೂರು ಗ್ರಾಂ ಲೆಕ್ಕದಲ್ಲಿ ನೋಡಿದಾಗ ಹಸಿ ಅಂಜೂರದ 74 ಕ್ಯಾಲೊರಿ ಒಣ ಅಂಜೂರದಲ್ಲಿ 249 ಆಗಿ ‘ಮೂರು ಪಟ್ಟಿಗಿಂತ ಹೆಚ್ಚಾಯಿತು’ ಎಂದು ಗಾಬರಿಯಾಗುತ್ತದೆ. ಒಂದೊಂದು ಹಣ್ಣಿನ ಲೆಕ್ಕದಲ್ಲಿ ನೋಡಿದರೆ ಏನೂ ಹೆಚ್ಚಾಗಿಲ್ಲ. ಹೆಚ್ಚಾಗುವುದು ನಾವು ತಿನ್ನುವ ಹಣ್ಣುಗಳ ಸಂಖ್ಯೆ. ಹಸಿ ಅಂಜೂರ ನಾಲ್ಕು ತಿನ್ನುವಷ್ಟರಲ್ಲಿ 200 ಗ್ರಾಂ ಹೊಟ್ಟೆಗೆ ಹೋಗಿರುತ್ತದೆ, ಅದರಲ್ಲಿ ಸುಮಾರು 160 ಗ್ರಾಂ ನೀರು, ಸಾಕೆನಿಸುತ್ತದೆ. ಒಣ ಅಂಜೂರ ನಾಲ್ಕು ಎಂದರೆ 60 ಗ್ರಾಂ. ಪುಸ್ತಕ ಓದುತ್ತ ಕುಳಿತರೆ ಖಾಲಿಯಾದದ್ದೇ ಗೊತ್ತಾಗುವುದಿಲ್ಲ.

ದ್ರಾಕ್ಷಿಯ ವಿಷಯವೂ ಹೀಗೆಯೇ. ನಮ್ಮ ವಿಜಯಪುರ ಜಿಲ್ಲೆ ಒಣದ್ರಾಕ್ಷಿಗೆ ಹೆಸರಾದದ್ದು. ಅಲ್ಲಿ ಬೀಜವಿಲ್ಲದ ದ್ರಾಕ್ಷಿಯ ಗೊಂಚಲುಗಳನ್ನು ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಸಿಪ್ಪೆಯ ಮೇಲೆ ಮೇಣದ ತೆಳು ಪದರವೊಂದಿದೆ; ನೀರು ಆವಿಯಾಗುವುದನ್ನು ಅದು ತಡೆಯುತ್ತದೆ. ಈ ದ್ರಾವಣ ಆ ತಡೆಯನ್ನು ಸಡಿಲಿಸುತ್ತದೆ. ಆಮೇಲೆ ನೆರಳಿನ ಚಪ್ಪರದಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡಿದರೆ ಎರಡು ವಾರದ ಸುಮಾರಿಗೆ ಹಣ್ಣು ಒಣಗುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ ಸಿಗುತ್ತದೆ. ಹೋದ ಮೂರು ಕಿಲೋ ಬರೀ ನೀರು. ಒಂದು ಒಣದ್ರಾಕ್ಷಿ ಅರ್ಧ ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ಅದರಲ್ಲಿ ಸಕ್ಕರೆ ಒಂದು ಗ್ರಾಮಿನ ಮೂರರಲ್ಲೊಂದು ಪಾಲು ಕೂಡ ಇಲ್ಲ, ಶಕ್ತಿ ಒಂದೂವರೆ ಕ್ಯಾಲೊರಿ. ಎಣಿಸುವುದೇ ಬೇಡ ಅನ್ನಿಸುತ್ತದೆ, ಅಲ್ಲವೇ? ಆದರೆ ಒಣದ್ರಾಕ್ಷಿಯನ್ನು ಯಾರೂ ಒಂದೊಂದಾಗಿ ತಿನ್ನುವುದಿಲ್ಲ. ಒಂದು ಹಿಡಿ ಎಂದರೆ 30 ಗ್ರಾಂ, ಅಂದರೆ 60 ದ್ರಾಕ್ಷಿ: 90 ಕ್ಯಾಲೊರಿ, 18 ಗ್ರಾಂ ಸಕ್ಕರೆ. ಅರವತ್ತು ಹಸಿ ದ್ರಾಕ್ಷಿಯನ್ನು ಒಂದೇ ಸಲಕ್ಕೆ ತಿನ್ನಬೇಕಾದರೆ ಎಷ್ಟು ಹೊತ್ತು ಬೇಕು ಎಂದು ನೀವೇ ಯೋಚಿಸಿ.

ಇನ್ನು ಖರ್ಜೂರ. ಇದರ ಕಥೆ ಸ್ವಲ್ಪ ಬೇರೆ. ಅಂಜೂರವನ್ನಾಗಲಿ ದ್ರಾಕ್ಷಿಯನ್ನಾಗಲಿ ಕೊಯ್ದ ಮೇಲೆ ನಾವು ಒಣಗಿಸುತ್ತೇವೆ. ಖರ್ಜೂರವಾದರೋ ಬಿಸಿಲ ನಾಡಿನಲ್ಲಿ ಮರದ ಮೇಲಿದ್ದಾಗಲೇ ನೀರು ಬಿಟ್ಟುಕೊಡುತ್ತ ಮಾಗುತ್ತದೆ. ಮೊದಲು ಹಸಿರು, ಆಮೇಲೆ ಹಳದಿ ಅಥವಾ ಕೆಂಪು ಬಣ್ಣದ ಗಟ್ಟಿ ಕಾಯಿ, ಆಮೇಲೆ ತುದಿಯಿಂದ ಮೆತ್ತಗಾಗುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಸುಕ್ಕುಗಟ್ಟುತ್ತದೆ. ಗುಜರಾತಿನ ಕಚ್ಛ್ ಪ್ರದೇಶದಲ್ಲಿ ಖರ್ಜೂರ ಕಂದು ಬಣ್ಣಕ್ಕೆ ತಿರುಗುವ ಮೊದಲೇ ಮಳೆಗಾಲ ಬಂದುಬಿಡುತ್ತದೆ. ಆದ್ದರಿಂದ ಅಲ್ಲಿಯ ರೈತರು ಹೆಚ್ಚಿನ ಬೆಳೆಯನ್ನು ಹಳದಿ-ಕೆಂಪು ಹಂತದಲ್ಲೇ ಕೊಯ್ದು ತಾಜಾ ಹಣ್ಣಾಗಿ ಮಾರುತ್ತಾರೆ. ಅದೇ ಹಂತದ ಕಾಯನ್ನು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಬೇಯಿಸಿ ಗಟ್ಟಿಯಾಗುವ ತನಕ ಒಣಗಿಸಿದರೆ ಅದೇ ಉತ್ತತ್ತಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ತೇರಿಗೆ ಎಸೆಯುವುದು, ಬಾಣಂತಿಗೆ ಮಾಡುವ ಅಂಟಿನುಂಡೆಗೆ ಕುಟ್ಟಿ ಹಾಕುವುದು ಇದನ್ನೇ. ಉತ್ತತ್ತಿಯೂ ಖರ್ಜೂರವೂ ಬೇರೆ ಬೇರೆ ಮರದ ಹಣ್ಣು ಎಂದು ಭಾವಿಸಿರುವವರು ಬಹಳ ಮಂದಿ. ಮರ ಒಂದೇ, ಹದ ಬೇರೆ.

ಮಾಗಿದ ಖರ್ಜೂರದ 100 ಗ್ರಾಂ ತಿರುಳಿನಲ್ಲಿ ಸುಮಾರು 65 ಗ್ರಾಂ ಸಕ್ಕರೆ ಇರುತ್ತದೆ, ಶಕ್ತಿ ಸುಮಾರು 280 ಕ್ಯಾಲೊರಿ. 65ನ್ನು 4ರಿಂದ ಗುಣಿಸಿ ನೋಡಿ, 260 ಬರುತ್ತದೆ. ಅಂದರೆ ಖರ್ಜೂರದ ಶಕ್ತಿ ಬಹುಪಾಲು ಸಕ್ಕರೆಯಿಂದಲೇ ಬರುವುದು. ಹೆಚ್ಚು ಒಣಗಿದ ಖರ್ಜೂರಕ್ಕೆ 300 ಕ್ಯಾಲೊರಿಗಿಂತ ಹೆಚ್ಚಿನ ಅಂಕಿಯನ್ನೂ ಕೆಲವು ಕೋಷ್ಟಕಗಳಲ್ಲಿ ಕಾಣುತ್ತೀರಿ. ಯಾವುದೂ ತಪ್ಪಲ್ಲ; ನೀರು ಕಡಿಮೆಯಾದಷ್ಟೂ ನೂರು ಗ್ರಾಮಿನಲ್ಲಿ ಸಕ್ಕರೆಯ ಪಾಲು ಏರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದಲ್ಲಿ ಶಕ್ತಿಯನ್ನು ಕಿಲೋಜೌಲ್‌ನಲ್ಲಿ ಕೊಟ್ಟಿದ್ದಾರೆ. ಅದನ್ನು ನೋಡುವವರು 4.18ರಿಂದ ಭಾಗಿಸಿಕೊಳ್ಳಬೇಕು, ಇಲ್ಲದಿದ್ದರೆ ಅಂಕಿ ನೋಡಿ ಹೌಹಾರಬೇಕಾಗುತ್ತದೆ.

ಕೋಷ್ಟಕ, ಲೇಬಲ್ಲು ಎಲ್ಲವೂ 100 ಗ್ರಾಮಿನ ಮಾತಾಡುತ್ತವೆ. ನಾವು ತಿನ್ನುವುದು ಒಂದೊಂದಾಗಿ. ಎರಡರ ನಡುವೆ ಸೇತುವೆ ಕಟ್ಟುವುದು ತಕ್ಕಡಿ. ಅಡುಗೆಮನೆಯಲ್ಲಿ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಆದರೆ ಒಂದು ಎಚ್ಚರಿಕೆ. ಅಂಥ ತಕ್ಕಡಿ ಸಾಮಾನ್ಯವಾಗಿ ಒಂದು ಗ್ರಾಂಗಿಂತ ಸೂಕ್ಷ್ಮವಾಗಿ ತೂಗುವುದಿಲ್ಲ. ಒಂದೇ ಖರ್ಜೂರ ಇಟ್ಟರೆ 8 ಎಂದೋ 9 ಎಂದೋ ತೋರಿಸುತ್ತದೆ. ಎಂಟರಲ್ಲಿ ಒಂದು ತಪ್ಪಿದರೆ ಸಣ್ಣ ತಪ್ಪಲ್ಲ. ಪ್ರಯೋಗಶಾಲೆಯಲ್ಲಿ ಲೋಲಕದ ಒಂದು ಆಂದೋಲನದ ಬದಲು ಇಪ್ಪತ್ತನ್ನು ಅಳೆದು ಭಾಗಿಸುತ್ತೀರಲ್ಲ, ಇಲ್ಲಿಯೂ ಹಾಗೆಯೇ ಮಾಡಬೇಕು. ಆರಿಸದೆ ಹತ್ತು ಹಣ್ಣು ತೆಗೆದು ಒಟ್ಟಿಗೆ ತೂಗಿ.

ಒಂದು ಉದಾಹರಣೆ ಮಾಡೋಣ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಸಾಧಾರಣ ಗಾತ್ರದ ಹತ್ತು ಖರ್ಜೂರ 92 ಗ್ರಾಂ ತೂಗಿತು ಎನ್ನೋಣ. ಬೀಜಗಳನ್ನು ಬಿಡಿಸಿ, ಒರೆಸಿ, ಬೇರೆಯಾಗಿ ತೂಗಿದರೆ 10 ಗ್ರಾಂ. ಕೋಷ್ಟಕದ ಅಂಕಿ ತಿನ್ನುವ ಭಾಗಕ್ಕೆ ಮಾತ್ರ ಸಂಬಂಧಪಟ್ಟದ್ದು. ಬೀಜವನ್ನು ಕಳೆಯದೆ ಲೆಕ್ಕಹಾಕಿದರೆ ಹತ್ತರಲ್ಲಿ ಒಂದು ಪಾಲು ಹೆಚ್ಚಾಗಿ ಬರುತ್ತದೆ. ಉಳಿದ ತಿರುಳು 82 ಗ್ರಾಂ, ಒಂದಕ್ಕೆ 8.2 ಗ್ರಾಂ. ಶೇಕಡಾ 65ರ ಲೆಕ್ಕದಲ್ಲಿ ಸಕ್ಕರೆ 5.3 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಹೆಚ್ಚು. ಶಕ್ತಿ 23 ಕ್ಯಾಲೊರಿ. ನಾಲ್ಕು ತಿಂದರೆ 92 ಕ್ಯಾಲೊರಿ, ಐದು ಚಮಚಕ್ಕಿಂತ ಹೆಚ್ಚು ಸಕ್ಕರೆ.

ಇದೇ ಲೆಕ್ಕವನ್ನು ಮೆಜೂಲ್ ಎಂಬ ದೊಡ್ಡ ಜಾತಿಯ ಖರ್ಜೂರಕ್ಕೆ ಮಾಡಿ. ಈಚೆಗೆ ಪೇಟೆಯ ಅಂಗಡಿಗಳಲ್ಲಿ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟು ಮಾರುತ್ತಾರೆ. ಬೀಜ ತೆಗೆದ ಒಂದು ಹಣ್ಣೇ ಸುಮಾರು 24 ಗ್ರಾಂ ಇರುತ್ತದೆ. ನೂರು ಗ್ರಾಮಿನ ಲೆಕ್ಕದಲ್ಲಿ ಅದಕ್ಕೂ ಸಣ್ಣ ಖರ್ಜೂರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಒಂದು ಹಣ್ಣಿನಲ್ಲಿ 16 ಗ್ರಾಂ ಸಕ್ಕರೆ, 66 ಕ್ಯಾಲೊರಿ! ಸಣ್ಣ ಖರ್ಜೂರ ಮೂರು ತಿಂದಷ್ಟಾಯಿತು. ಪತ್ರಿಕೆಗಳಲ್ಲಿ ‘ದಿನಕ್ಕೆ ಮೂರು ಖರ್ಜೂರ ತಿನ್ನಿ’ ಎಂಬಂಥ ಸಲಹೆ ಓದುತ್ತೀರಿ. ಯಾವ ಖರ್ಜೂರ ಎಂದು ಹೇಳದ ಸಲಹೆಗೆ ಅರ್ಥವೇ ಇಲ್ಲ. ಮೂರು ಎಂದರೆ 70 ಕ್ಯಾಲೊರಿಯೂ ಆಗಬಹುದು, 200 ಕ್ಯಾಲೊರಿಯೂ ಆಗಬಹುದು.

ಅಂಜೂರದಲ್ಲೂ ಈ ಗಾತ್ರದ ಆಟ ಇದೆ. ಕೋಷ್ಟಕಗಳಲ್ಲಿ ಖರ್ಜೂರಕ್ಕಿಂತ ಅಂಜೂರದ ಸಕ್ಕರೆ ಕಡಿಮೆ: 65ರ ಬದಲು 48. ಕಾರಣ, ಅದರಲ್ಲಿ ನೀರು ಹೆಚ್ಚು, ನಾರಿನ ಅಂಶವೂ ನೂರಕ್ಕೆ ಹತ್ತರಷ್ಟಿದೆ. ‘ಹಾಗಾದರೆ ಅಂಜೂರವೇ ವಾಸಿ’ ಎಂದು ತೀರ್ಮಾನಿಸುವ ಮೊದಲು ದಾರದಲ್ಲಿ ಪೋಣಿಸಿ ಮಾರುವ ಚಪ್ಪಟೆ ಅಂಜೂರ ಐದನ್ನು ತೂಗಿ ನೋಡಿ. 85 ಗ್ರಾಂ ಬಂದರೆ ಒಂದಕ್ಕೆ 17 ಗ್ರಾಂ. ಅದರಲ್ಲಿ ಸಕ್ಕರೆ 8 ಗ್ರಾಂ, ಶಕ್ತಿ 42 ಕ್ಯಾಲೊರಿ. ನಾವು ಮೊದಲು ತೂಗಿದ ಸಣ್ಣ ಖರ್ಜೂರಕ್ಕಿಂತ ಹೆಚ್ಚು! ನೂರು ಗ್ರಾಮಿನ ಪಟ್ಟಿಯಲ್ಲಿ ಕೆಳಗಿದ್ದದ್ದು ಬಿಡಿ ಹಣ್ಣಿನ ಪಟ್ಟಿಯಲ್ಲಿ ಮೇಲಕ್ಕೆ ಬಂತು. ಎಪ್ರಿಕಾಟ್, ಪ್ರೂನ್ ಎಂಬ ಒಣಹಣ್ಣುಗಳು ನಮ್ಮಲ್ಲಿ ಬಳಕೆ ಕಡಿಮೆಯಾದ್ದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ. ಬೀಜ ತೆಗೆದ ಒಂದೊಂದು ಹಣ್ಣೂ ಇಪ್ಪತ್ತು ಕ್ಯಾಲೊರಿಯ ಆಸುಪಾಸಿನಲ್ಲಿದೆ ಎಂದರೆ ಸಾಕು.

ಅಂಜೂರವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ತಿಂದರೆ ಸಕ್ಕರೆ ಕಡಿಮೆಯಾಗುತ್ತದೆ ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ನೆನೆದ ಹಣ್ಣು ನೀರು ಕುಡಿದು ಉಬ್ಬುತ್ತದೆ, ತೂಕ ಹೆಚ್ಚುತ್ತದೆ. ಆಗ ನೂರು ಗ್ರಾಮಿನಲ್ಲಿ ಸಕ್ಕರೆಯ ಪ್ರಮಾಣ ಇಳಿಯುವುದು ನಿಜ. ಆದರೆ ಆ ಒಂದು ಹಣ್ಣಿನಲ್ಲಿ? ಸ್ವಲ್ಪ ಸಕ್ಕರೆ ಹೊರಗಿನ ನೀರಿಗೆ ಇಳಿದಿರುತ್ತದೆ, ನೀರು ಸಿಹಿಯಾಗಿರುವುದೇ ಅದಕ್ಕೆ ಸಾಕ್ಷಿ. ಆ ನೀರನ್ನೂ ಕುಡಿದರೆ ಲೆಕ್ಕ ಮೊದಲಿನಷ್ಟೇ. ನೆನೆಹಾಕುವುದರಿಂದ ಪ್ರಯೋಜನವಿಲ್ಲವೆಂದಲ್ಲ; ಹಣ್ಣು ಮೆತ್ತಗಾಗುತ್ತದೆ, ಗಾತ್ರ ಹೆಚ್ಚುವುದರಿಂದ ಎರಡಕ್ಕೇ ತೃಪ್ತಿಯಾಗುತ್ತದೆ. ಲೆಕ್ಕವನ್ನು ಮಾತ್ರ ನೆನೆಹಾಕುವ ಮೊದಲಿನ ತೂಕದ ಮೇಲೆ ಹಾಕಬೇಕು.

ಕೆಲವು ಖರ್ಜೂರ, ಅಂಜೂರಗಳ ಮೇಲೆ ಬಿಳಿ ಪುಡಿಯಂಥದ್ದು ಕಾಣುತ್ತದೆ. ಅಂಗಡಿಯವನು ಸಕ್ಕರೆ ಸವರಿದ್ದಾನೆಂದು ಕೆಲವರ ಅನುಮಾನ, ಬೂಷ್ಟು ಬಂದಿದೆಯೆಂದು ಇನ್ನು ಕೆಲವರದು. ಬಹಳ ಸಲ ಅದು ಹಣ್ಣಿನದೇ ಸಕ್ಕರೆ. ಹಳತಾದಂತೆ ಒಳಗಿನ ಸಕ್ಕರೆ ಮೇಲ್ಮೈಗೆ ಬಂದು ಹರಳುಗಟ್ಟುತ್ತದೆ. ಬಿಸಿನೀರಿನಲ್ಲಿ ಅದ್ದಿ ನೋಡಿ. ಸಕ್ಕರೆಯಾದರೆ ಕರಗಿ ಮಾಯವಾಗುತ್ತದೆ. ಎಳೆಎಳೆಯಾಗಿ ಹತ್ತಿಯಂತಿದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು, ಎಸೆದುಬಿಡಿ.

ನಿಜವಾಗಿ ಹೊರಗಿನ ಸಕ್ಕರೆ ಸೇರುವುದು ಬೇರೆ ಬಗೆಯ ಹಣ್ಣುಗಳಲ್ಲಿ. ಬೇಕರಿಯ ಬನ್ನಿನಲ್ಲಿ ಕೆಂಪು-ಹಸಿರಾಗಿ ಕಾಣುವ ಟೂಟಿ ಫ್ರೂಟಿ ಪರಂಗಿ ಕಾಯಿಯ ತುಣುಕನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸಿದ್ದು. ಅದನ್ನು ಒಣಹಣ್ಣು ಎನ್ನುವುದೇ ತಪ್ಪು. ಕ್ರ್ಯಾನ್‌ಬೆರಿ ಎಂಬ ಕೆಂಪು ಹಣ್ಣು ಈಗ ಎಲ್ಲ ಕಡೆ ಬಂದಿದೆ. ಇದರಲ್ಲಿ ಮೋಸ ಕಂಡುಹಿಡಿಯುವುದು ಒಳ್ಳೆಯ ಲೆಕ್ಕ. ಹಸಿ ಕ್ರ್ಯಾನ್‌ಬೆರಿಯಲ್ಲಿ ಶೇಕಡಾ 87 ನೀರು, 4 ಗ್ರಾಂ ಚಿಲ್ಲರೆ ಸಕ್ಕರೆ, ಬಹಳ ಹುಳಿ. ಒಣಗಿದ್ದರಲ್ಲಿ ನೀರು ಶೇಕಡಾ 16. ಅಂದರೆ 13 ಪಾಲು ಘನಪದಾರ್ಥ 84 ಪಾಲು ಆಗಬೇಕು, ಆರೂವರೆ ಪಟ್ಟು. ಸಕ್ಕರೆಯೂ ಅಷ್ಟೇ ಪಟ್ಟು ಹೆಚ್ಚಿದರೆ ನೂರು ಗ್ರಾಮಿಗೆ 28 ಗ್ರಾಂ ಆಗಬೇಕು. ಕೋಷ್ಟಕದಲ್ಲಿರುವುದು 70ಕ್ಕಿಂತ ಹೆಚ್ಚು! ಉಳಿದ ನಲವತ್ತು ಗ್ರಾಂಗೂ ಮೀರಿದ ಸಕ್ಕರೆ ಕಾರ್ಖಾನೆಯಲ್ಲಿ ಸೇರಿದ್ದು. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಒಟ್ಟು ಸಕ್ಕರೆ ಎಷ್ಟು, ಸೇರಿಸಿದ ಸಕ್ಕರೆ ಎಷ್ಟು ಎಂದು ಎರಡು ಸಾಲುಗಳೂ ಇರುತ್ತವೆ. ಖರ್ಜೂರದ ಪೊಟ್ಟಣದಲ್ಲಿ ಎರಡನೆಯ ಸಾಲು ಸೊನ್ನೆ ಇರುತ್ತದೆ. ಸೊನ್ನೆ ನೋಡಿ ಸಂತೋಷಪಟ್ಟು ಮೇಲಿನ ಸಾಲನ್ನು ಓದದೆ ಬಿಡಬಾರದು.

ಹಾಗಾದರೆ ಹಣ್ಣಿನೊಳಗಿನ ಸಕ್ಕರೆಯೂ ಚಮಚದ ಸಕ್ಕರೆಯೂ ಒಂದೇಯೇ? ಕ್ಯಾಲೊರಿಯ ಮಟ್ಟಿಗೆ ಒಂದೇ. ಮೆತ್ತನೆಯ ಖರ್ಜೂರದಲ್ಲಿ ಹೆಚ್ಚಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇರುತ್ತವೆ. ನಾವು ಚಹಾಕ್ಕೆ ಹಾಕುವ ಸುಕ್ರೋಸ್ ಕೂಡ ಸಣ್ಣ ಕರುಳಿನಲ್ಲಿ ಒಡೆದು ಇವೆರಡೇ ಆಗುತ್ತದೆ. ವ್ಯತ್ಯಾಸ ಇರುವುದು ಜೊತೆಗೆ ಬರುವ ನಾರು, ಪೊಟ್ಯಾಸಿಯಂ ಮುಂತಾದವುಗಳಲ್ಲಿ ಮತ್ತು ಸಕ್ಕರೆ ಹಣ್ಣಿನ ಜೀವಕೋಶಗಳ ಒಳಗೆ ಸೆರೆಯಾಗಿರುವುದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಮಿತಿ ಹಾಕಿದ್ದು ಹೊರಗಿನಿಂದ ಸೇರಿಸಿದ ಸಕ್ಕರೆಗೆ ಮತ್ತು ಜೇನು, ಹಣ್ಣಿನ ರಸ, ಪಾಕಗಳಲ್ಲಿರುವ ಸಕ್ಕರೆಗೆ. ಇಡಿಯಾದ ಹಣ್ಣಿನ ಸಕ್ಕರೆಯನ್ನು ಆ ಮಿತಿಗೆ ಸೇರಿಸಲಿಲ್ಲ. ಖರ್ಜೂರದ ಪಾಕ ಮಾತ್ರ ಆ ಮಿತಿಯೊಳಗೇ ಬರುತ್ತದೆ. ಹಲ್ಲಿಗಂತೂ ಈ ಭೇದ ಗೊತ್ತಾಗುವುದಿಲ್ಲ. ಅಂಟಿಕೊಂಡ ಸಕ್ಕರೆ ಎಲ್ಲಿಂದ ಬಂತೆಂದು ಬಾಯಿಯ ಬ್ಯಾಕ್ಟೀರಿಯ ಕೇಳುವುದಿಲ್ಲ. ಒಣಹಣ್ಣು ಹಲ್ಲಿನ ಸಂದಿಯಲ್ಲಿ ಅಂಟಿ ಕೂರುವಂಥದ್ದು. ಆಗಾಗ ಒಂದೊಂದು ಬಾಯಿಗೆ ಹಾಕಿಕೊಳ್ಳುತ್ತಿರುವುದಕ್ಕಿಂತ ಊಟದ ಜೊತೆಗೆ ತಿಂದು ಬಾಯಿ ಮುಕ್ಕಳಿಸುವುದು ಮೇಲು.

ನನ್ನನ್ನು ಕೇಳಿದರೆ, ಸಂಜೆಯ ತಿಂಡಿಗೆ ಸಣ್ಣ ಖರ್ಜೂರ ಮೂರು, ಇಲ್ಲವೇ ದೊಡ್ಡದು ಒಂದು, ಇಲ್ಲವೇ ಅಂಜೂರ ಎರಡು ಸಾಕು. ಜೊತೆಗೆ ಒಂದು ಹಿಡಿ ಹುರಿದ ಶೇಂಗಾ ಇರಲಿ. ಆಟದ ಮೈದಾನಕ್ಕೆ ಹೋಗುವ ಹುಡುಗರು ಒಂದೆರಡು ಹೆಚ್ಚು ತಿಂದರೆ ನಾನು ಬೇಡವೆನ್ನುವುದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಲೆಕ್ಕವನ್ನು ವೈದ್ಯರೇ ಹೇಳಬೇಕು. ಆದರೆ ಅವರಿಗಾಗಿ ‘ಸಕ್ಕರೆ ಹಾಕದ’ ಖರ್ಜೂರದ ಉಂಡೆ ಮಾಡುತ್ತಾರಲ್ಲ, ಅದನ್ನು ಒಮ್ಮೆ ನೀವೇ ಲೆಕ್ಕಹಾಕಿ ತೋರಿಸಿ. ನಾವು ತೂಗಿದಂಥ ಇಪ್ಪತ್ತು ಖರ್ಜೂರದ ತಿರುಳು 164 ಗ್ರಾಂ. ಅದರಿಂದ ಹತ್ತು ಉಂಡೆ ಕಟ್ಟಿದರೆ ಒಂದೊಂದರಲ್ಲೂ ಎರಡು ಖರ್ಜೂರ: ಹತ್ತೂವರೆ ಗ್ರಾಂ ಸಕ್ಕರೆ, 46 ಕ್ಯಾಲೊರಿ. ಗೋಡಂಬಿ, ಬಾದಾಮಿ, ತುಪ್ಪದ ಲೆಕ್ಕ ಇದರ ಮೇಲೆ.